ಕೈ ಎತ್ತಿದ ಇಪ್ಪತ್ಮೂರು ಮಕ್ಕಳಿಗೆ

ನಿಮ್ಮ ಮನೆಯಲ್ಲಿ ಒಂಬತ್ತನೆಯದೋ ಹತ್ತನೆಯದೋ ಓದುವ ಮಗಳಿದ್ದರೆ, "ದೊಡ್ಡವಳಾದ ಮೇಲೆ ಏನಾಗ್ತೀಯಾ?" ಎಂದು ಬಂದ ನೆಂಟರೆಲ್ಲ ಕೇಳಿರುತ್ತಾರೆ. ಅವಳು "ಡಾಕ್ಟರ್" ಎಂದಾಗ ನಿಮಗೂ ಖುಷಿಯಾಗಿರುತ್ತದೆ. ಆ ಉತ್ತರದ ಹಿಂದೆ ಎಷ್ಟು ವರ್ಷಗಳಿವೆ, ಎಂಥ ಬೆಳಗುಗಳಿವೆ ಎಂದು ಅವಳಿಗೆ ಹೇಳಿದವರು ಮಾತ್ರ ಕಡಿಮೆ. ನಾನೂ ಬಹಳ ಕಾಲ ಹೇಳಿರಲಿಲ್ಲ.

ಮೊನ್ನೆ ಡಿಸೆಂಬರಿನ ಒಂದು ಶನಿವಾರ ಜಾಲಹಳ್ಳಿಯ ಒಂದು ಶಾಲೆಯವರು ನನ್ನನ್ನು ಮಕ್ಕಳೊಂದಿಗೆ ಮಾತಾಡಲು ಕರೆದಿದ್ದರು. ಸುತ್ತಲಿನ ಕಾರ್ಖಾನೆಗಳಲ್ಲಿ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರ ಮಕ್ಕಳೇ ಅಲ್ಲಿ ಹೆಚ್ಚು. ಒಂಬತ್ತು ಮತ್ತು ಹತ್ತನೇ ತರಗತಿಯ ಐವತ್ತೆಂಟು ಮಕ್ಕಳು ಕುಳಿತಿದ್ದರು. "ಡಾಕ್ಟರ್ ಆಗಬೇಕು ಅನ್ನುವವರು ಯಾರು?" ಎಂದೆ. ಇಪ್ಪತ್ಮೂರು ಕೈಗಳು ಎದ್ದವು, ಹದಿನೇಳು ಹುಡುಗಿಯರವು.

ನಾನು ವೈದ್ಯೆಯಲ್ಲ. ಮದ್ರಸಾದಲ್ಲಿ ಆಲಿಮಾ ಕೋರ್ಸ್ ಮುಗಿಸಿ, ಮದುವೆಯಾದ ಮೇಲೆ ಮನೆಯಲ್ಲೇ ಓದಿಕೊಂಡು ಬಿ.ಎ. ಮಾಡಿದವಳು. ಬೆಳಿಗ್ಗೆ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಸಂಜೆ ಮದ್ರಸಾದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಮಾಡುತ್ತೇನೆ. ಇಂಥವಳು ವೈದ್ಯಕೀಯದ ಬಗ್ಗೆ ಮಾತಾಡುವುದೇಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ನನ್ನ ಅಕ್ಕನ ಮಗಳು ಆ ದಾರಿಯನ್ನು ನಡೆದು ಮುಗಿಸಿದ್ದಾಳೆ, ಅವಳ ಒಂದೊಂದು ಹೆಜ್ಜೆಯನ್ನೂ ಪಕ್ಕದಲ್ಲೇ ಇದ್ದು ನೋಡಿದ್ದೇನೆ. ಎರಡನೆಯ ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಅದನ್ನೇ ಮೊದಲು ಹೇಳುತ್ತೇನೆ.

ಆ ಹುಡುಗಿ 2022ರಲ್ಲಿ ನೀಟ್ ಬರೆದಳು. 720ಕ್ಕೆ 168 ಅಂಕ. ಮೊಬೈಲಿನಲ್ಲಿ ಫಲಿತಾಂಶ ತೆರೆದಾಗ 'ಅರ್ಹ' ಎಂದು ಬಂತು. ಮನೆಯಲ್ಲಿ ಹಬ್ಬ! ಪಕ್ಕದ ಮನೆಗಳಿಗೆಲ್ಲ ಮಿಠಾಯಿ ಹಂಚಿದರು. ಎರಡು ದಿನಕ್ಕೆ ಒಬ್ಬ ಏಜೆಂಟ್ ಬಂದ. "ನಿಮ್ಮ ಮಗಳು ನೀಟ್ ಪಾಸಾಗಿದ್ದಾಳೆ, ಸೀಟು ಕೊಡಿಸುವುದು ನನ್ನ ಜವಾಬ್ದಾರಿ" ಎಂದು ಟೋಕನ್ ಹಣವೆಂದು ಎಪ್ಪತ್ತು ಸಾವಿರ ತೆಗೆದುಕೊಂಡ. ಅವಳ ಅಮ್ಮಿಯ ಬಳೆಗಳು ಅಡವಿಗೆ ಹೋದವು. ಸೀಟು ಬರಲಿಲ್ಲ, ಹಣವೂ ಬರಲಿಲ್ಲ. ಮುಂದೆ ಅವಳು ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಓದಿ, ಈಗ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಬಳೆಗಳನ್ನು ಬಿಡಿಸಿದ್ದು ಅವಳೇ. ಒಂದು ದಿನ ನನ್ನ ಮನೆಗೆ ಬಂದಳು. ಸಿಟ್ಟಿನಿಂದೇನೂ ಅಲ್ಲ, ಚಹಾ ಕುಡಿಯುತ್ತ ಸಹಜವಾಗಿಯೇ ಹೇಳಿದಳು: "ಆಪಾ, ಮನಸ್ಸು ಮಾಡಿದರೆ ಆಗುತ್ತೆ ಅಂತ ನೀವು ಕ್ಲಾಸಿನಲ್ಲಿ ಹೇಳ್ತಿದ್ರಿ. ನಾನು ಮನಸ್ಸು ಮಾಡಿದ್ದೆ. ಲೆಕ್ಕ ಮಾತ್ರ ಯಾರೂ ಹೇಳಿರಲಿಲ್ಲ."

ಆ ಲೆಕ್ಕವನ್ನೇ ಮೊದಲು ಬೋರ್ಡಿನ ಮೇಲೆ ಬರೆದೆ. 2025ರಲ್ಲಿ ನೀಟ್ ಬರೆದವರು ಸುಮಾರು 22 ಲಕ್ಷ. ಅವರಲ್ಲಿ ಅರ್ಹರಾದವರು 12 ಲಕ್ಷದ 36 ಸಾವಿರ. ಆಗ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು, ಅದರಲ್ಲಿ ಸರ್ಕಾರಿ ಕಾಲೇಜುಗಳದು ಹತ್ತಿರ ಹತ್ತಿರ ಅರ್ಧ. ಅಂದರೆ 'ಪಾಸಾದ' ಹತ್ತು ಮಕ್ಕಳಲ್ಲಿ ಒಬ್ಬರಿಗೆ ಸೀಟು. ಆ ವರ್ಷ ಸಾಮಾನ್ಯ ವರ್ಗದವರು ಅರ್ಹರಾಗಲು 720ಕ್ಕೆ 144 ಬಂದರೆ ಸಾಕಿತ್ತು, ಹಿಂದುಳಿದ ವರ್ಗದವರಿಗೆ 113. ಈ ಅರ್ಹತೆ ಎಂದರೆ ಸೀಟು ಹಂಚುವ ಸಾಲಿನಲ್ಲಿ ನಿಲ್ಲಲು ಸಿಕ್ಕ ಅನುಮತಿ, ಅಷ್ಟೆ. ನೋಡಬೇಕಾದದ್ದು ರ್‍ಯಾಂಕನ್ನು. ಮಗಳ ರ್‍ಯಾಂಕನ್ನು ಹಿಂದಿನ ವರ್ಷ ಕೆಇಎ ಪ್ರಕಟಿಸಿದ ಕಟಾಫ್ ಪಟ್ಟಿಯ ಪಕ್ಕದಲ್ಲಿಟ್ಟು, ನಿಮ್ಮ ವರ್ಗದಲ್ಲಿ ಕೊನೆಯ ಸೀಟು ಎಷ್ಟನೇ ರ್‍ಯಾಂಕಿಗೆ ಹೋಗಿದೆ ಎಂದು ನೋಡಿದರೆ ಹತ್ತು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ಕರ್ನಾಟಕದ ಸೀಟುಗಳನ್ನು ಹಂಚುವುದು ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಈ ಕೆಇಎ. ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಕೇಂದ್ರದ ಸಮಿತಿ ಹಂಚುತ್ತದೆ. ಮನೆ ಬಾಗಿಲಿಗೆ ಬಂದು ಕುರ್ಚಿಯಲ್ಲಿ ಕುಳಿತು ಸೀಟು ಕೊಡುವವರು ಈ ಎರಡರಲ್ಲೂ ಇಲ್ಲ.

ಕೆಲವು ಮಕ್ಕಳ ಮುಖ ಸಣ್ಣದಾಯಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಶಿಕ್ಷಕಿಯೂ ನನ್ನತ್ತ ಒಂದು ಥರ ನೋಡಿದರು. ಇವಳನ್ನು ಕರೆದದ್ದು ಹುರಿದುಂಬಿಸಲು, ಇವಳು ಹೆದರಿಸುತ್ತಿದ್ದಾಳಲ್ಲ ಎಂದುಕೊಂಡಿರಬೇಕು. ನಾನು ಅಕ್ಕನ ಮಗಳ ಕಥೆ ಶುರು ಮಾಡಿದೆ.

ಅವಳು ಎಸ್ಸೆಸ್ಸೆಲ್ಸಿ ಮುಗಿಸಿದ್ದು 2016ರಲ್ಲಿ, ಪಿಯುಸಿ 2018ರಲ್ಲಿ. ಆ ವರ್ಷ ನೀಟ್ ಬರೆದಾಗ ಬಂದದ್ದು 371. ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಪಡೆದ ಹುಡುಗಿ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ನನ್ನ ಭಾವ ಪ್ರಶ್ನೆಪತ್ರಿಕೆ, ಅವಳ ಉತ್ತರಗಳು, ಸರಿಯುತ್ತರಗಳ ಪಟ್ಟಿ ಮೂರನ್ನೂ ಮುಂದಿಟ್ಟುಕೊಂಡು ಅವಳ ಜೊತೆ ಕುಳಿತರು. ಅವರು ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ಕೆಲಸದವರು. ಮಾಲು ತಿರಸ್ಕೃತವಾದಾಗ ಯಾವ ಕಾರಣಕ್ಕೆ ಎಷ್ಟು ಹೋಯಿತು ಎಂದು ಬರೆದಿಡುವುದು ಅವರ ದಿನನಿತ್ಯದ ಅಭ್ಯಾಸ. ಅದನ್ನೇ ಇಲ್ಲಿಯೂ ಮಾಡಿದರು.

ನೀಟ್‌ನಲ್ಲಿ 180 ಪ್ರಶ್ನೆಗಳು. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ, ಬಿಟ್ಟರೆ ಸೊನ್ನೆ. ಅವಳು ಬರೆದದ್ದು 159. ಸರಿ 106, ತಪ್ಪು 53. ನೂರಾ ಆರನ್ನು ನಾಲ್ಕರಿಂದ ಗುಣಿಸಿದರೆ 424, ಅದರಲ್ಲಿ 53 ಕಳೆದರೆ 371. ಆ ಐವತ್ಮೂರು ತಪ್ಪುಗಳನ್ನು ಅಪ್ಪ ಮಗಳು ಒಂದೊಂದಾಗಿ ವಿಂಗಡಿಸಿದರು. ಹದಿನಾಲ್ಕು ತಪ್ಪುಗಳು ಲೆಕ್ಕದವು. ಸೂತ್ರ ಗೊತ್ತಿತ್ತು, ಸೆಂಟಿಮೀಟರನ್ನು ಮೀಟರಿಗೆ ಬದಲಿಸುವುದನ್ನು ಮರೆತಿದ್ದಳು, ಅಂಥವು. ಹತ್ತೊಂಬತ್ತು ತಪ್ಪುಗಳು ಪ್ರಶ್ನೆಯನ್ನು ಸರಿಯಾಗಿ ಓದದೆ ಆದವು. "ಕೆಳಗಿನವುಗಳಲ್ಲಿ ಸರಿಯಲ್ಲದ ಹೇಳಿಕೆ ಯಾವುದು?" ಎಂದು ಕೇಳಿದ್ದರೆ ಇವಳು ಮೊದಲು ಕಂಡ ಸರಿಯಾದ ಹೇಳಿಕೆಗೆ ಗುರುತು ಹಾಕಿ ಮುಂದೆ ಹೋಗಿದ್ದಳು. ಉಳಿದ ಇಪ್ಪತ್ತು ಅರ್ಧ ಗೊತ್ತಿದ್ದವು. ಎರಡು ಉತ್ತರಗಳ ನಡುವೆ ತೂಗಾಡಿ ತಪ್ಪಾದದ್ದಕ್ಕೆ ಬಿದ್ದವು.

ಏನೂ ಗೊತ್ತಿಲ್ಲದೆ ಮಾಡಿದ ತಪ್ಪು ಆ ಪಟ್ಟಿಯಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಮನೆಯವರೆಲ್ಲ "ಇನ್ನೂ ಹೆಚ್ಚು ಓದಬೇಕಿತ್ತು" ಎನ್ನುತ್ತಿದ್ದರು. ಅವಳಿಗೆ ಬೇಕಿದ್ದುದು ಹೆಚ್ಚಿನ ಪುಸ್ತಕವಲ್ಲ, ಇದ್ದ ಪುಸ್ತಕವನ್ನೇ ಪೂರ್ತಿ ತಿಳಿಯುವುದು, ನಿಧಾನವಾಗಿ ಓದುವುದು.

ಒಂದು ವರ್ಷ ಮನೆಯಲ್ಲಿ ಕುಳಿತು ಓದಿದಳು. ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕಗಳೇ ಆಧಾರ. ಜೀವಶಾಸ್ತ್ರವನ್ನು ಸಾಲು ಸಾಲಾಗಿ, ಚಿತ್ರದ ಕೆಳಗಿನ ಸಣ್ಣಕ್ಷರವನ್ನೂ ಬಿಡದೆ ಓದಿದಳು, ಏಕೆಂದರೆ ತೊಂಬತ್ತು ಪ್ರಶ್ನೆಗಳು ಅಲ್ಲಿಂದಲೇ. ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಪೂರ್ತಿ ಪರೀಕ್ಷೆ. ನಿಜವಾದ ಪರೀಕ್ಷೆ ನಡೆಯುವುದೂ ಅದೇ ಹೊತ್ತಿನಲ್ಲಿ, ಊಟವಾಗಿ ಕಣ್ಣು ಎಳೆಯುವ ಸಮಯದಲ್ಲಿ. ಸೋಮವಾರ ಹೊಸದೇನೂ ಓದುತ್ತಿರಲಿಲ್ಲ. ಹಿಂದಿನ ದಿನದ ತಪ್ಪುಗಳನ್ನು ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆಯುವುದೇ ಆ ದಿನದ ಕೆಲಸ: ಪ್ರಶ್ನೆ, ತಾನು ಕೊಟ್ಟ ಉತ್ತರ, ಸರಿಯುತ್ತರ, ಮೂರರಲ್ಲಿ ಯಾವ ಜಾತಿಯ ತಪ್ಪು. 'ಸರಿಯಲ್ಲದ' ಎಂಬ ಪದ ಕಂಡಕೂಡಲೇ ಪೆನ್ನಿನಿಂದ ಸುತ್ತು ಹಾಕುವುದನ್ನು ಕೈಗೆ ರೂಢಿ ಮಾಡಿದಳು. 2019ರಲ್ಲಿ ಮತ್ತೆ ಬರೆದಾಗ 158 ಪ್ರಶ್ನೆ ಉತ್ತರಿಸಿದಳು, ಹಿಂದಿನ ಸಲಕ್ಕಿಂತ ಒಂದು ಕಡಿಮೆ! ಆದರೆ ಸರಿ 138, ತಪ್ಪು 20. ಅಂಕ 532. 2ಬಿ ವರ್ಗದಲ್ಲಿ ಬೆಂಗಳೂರಿನ ಹೊರಗಿನ ಒಂದು ಸರ್ಕಾರಿ ಕಾಲೇಜು ಸಿಕ್ಕಿತು.

ಇಲ್ಲಿಗೆ ಕಥೆ ಮುಗಿಯಿತು ಎಂದು ಮಕ್ಕಳು ಚಪ್ಪಾಳೆ ತಟ್ಟಲು ಹೊರಟರು. ನಾನು ತಡೆದೆ. ಅವಳಿಗೆ ಆಗ ಹತ್ತೊಂಬತ್ತು. ಐದೂವರೆ ವರ್ಷ ಬಾಕಿ ಇತ್ತು.

ಮೊದಲ ವರ್ಷದಲ್ಲಿ ಶರೀರ ರಚನೆ, ಶರೀರ ಕ್ರಿಯೆ, ಜೀವರಸಾಯನ ಎಂಬ ಮೂರು ದೊಡ್ಡ ವಿಷಯಗಳು. ಶರೀರ ರಚನೆಯ ಪಾಠ ನಡೆಯುವುದು ಮೃತದೇಹದ ಮೇಲೆ. ಬದುಕಿದ್ದಾಗಲೇ ತಮ್ಮ ದೇಹವನ್ನು ಬರೆದುಕೊಟ್ಟವರ ದೇಹಗಳೂ ಅಲ್ಲಿರುತ್ತವೆ. ಹಾಗಾಗಿ ಮೊದಲ ದಿನ ಆ ದೇಹವನ್ನು ಗೌರವದಿಂದ ಕಾಣುತ್ತೇವೆ ಎಂದು ವಿದ್ಯಾರ್ಥಿಗಳು ಪ್ರತಿಜ್ಞೆ ಮಾಡುತ್ತಾರೆ. ದೇಹ ಕೆಡದಂತೆ ಹಾಕುವ ಫಾರ್ಮಲಿನ್‌ನಿಂದ ಕಣ್ಣಲ್ಲಿ ನೀರು ಬರುತ್ತದೆ, ವಾಸನೆ ಬಟ್ಟೆಗೆ ಹತ್ತುತ್ತದೆ. ಆ ವಾರ ಅವಳಿಗೆ ಮಾಂಸದೂಟ ಸೇರಲಿಲ್ಲ. ಬಿರಿಯಾನಿ ಎಂದರೆ ಪ್ರಾಣ ಬಿಡುವ ಹುಡುಗಿ!

ಕಷ್ಟ ವಾಸನೆಯದಲ್ಲ, ಅದು ಹದಿನೈದು ದಿನಕ್ಕೆ ರೂಢಿಯಾಯಿತು. ಓದಬೇಕಾದ ರಾಶಿಯೇ ನಿಜವಾದ ಕಷ್ಟ. ಮೊದಲ ಕಿರುಪರೀಕ್ಷೆಯಲ್ಲಿ ಶರೀರ ರಚನೆಯಲ್ಲಿ ಅವಳು ಫೇಲಾದಳು, ಜೀವನದಲ್ಲೇ ಮೊದಲ ಸಲ. ಅವಳ ಕೋಣೆಯಲ್ಲಿದ್ದ ನಾಲ್ವರಲ್ಲಿ ಮೂವರು ಫೇಲು. ಎಲ್ಲರೂ ತಮ್ಮ ತಮ್ಮ ಶಾಲೆಗೆ ಮೊದಲಿಗರಾಗಿ ಬಂದವರೇ. ಮೊದಲ ಎಂ.ಬಿ.ಬಿ.ಎಸ್. ಪರೀಕ್ಷೆಗೆ ನಾಲ್ಕೇ ಅವಕಾಶ ಎಂಬ ನಿಯಮವೂ ಈಗಿದೆ. ನಾಲ್ಕರೊಳಗೆ ಆಗದಿದ್ದರೆ ಮುಂದಕ್ಕೆ ದಾರಿಯಿಲ್ಲ.

ಅಷ್ಟೊಂದು ಬಾಯಿಪಾಠ ಏತಕ್ಕೆ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಅದಕ್ಕೆ ಅವಳು ನನಗೆ ಹೇಳಿದ್ದನ್ನೇ ಹೇಳಿದೆ. ಕುತ್ತಿಗೆಯಿಂದ ಹೊರಟು ಕೈಗೆ ಹೋಗುವ ನರಗಳ ಹೆಣಿಗೆಯೊಂದಿದೆ, ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಐದು ಬೇರುಗಳು ಕೂಡಿ, ಬೇರೆಯಾಗಿ, ಮತ್ತೆ ಕೂಡಿ, ಜಡೆ ಹೆಣೆದಂತೆ ಹೋಗುತ್ತವೆ. ಆ ಚಿತ್ರವನ್ನು ಅವಳು ಮೊದಲ ವರ್ಷ ನೂರು ಸಲ ಬರೆದಿರಬಹುದು, ಹಾಸ್ಟೆಲಿನ ಗೋಡೆಯ ಮೇಲೂ. ಆ ಜಡೆಯಿಂದ ಬರುವ ರೇಡಿಯಲ್ ಎಂಬ ನರ ತೋಳಿನ ಮೂಳೆಯ ಹಿಂದೆ, ಮೂಳೆಗೇ ಅಂಟಿಕೊಂಡಂತೆ ಸುತ್ತಿ ಕೆಳಗಿಳಿಯುತ್ತದೆ. ಮಣಿಕಟ್ಟನ್ನು ಮೇಲೆತ್ತುವ ಶಕ್ತಿ ಅದರದ್ದು.

ಐದು ವರ್ಷಗಳ ನಂತರ ಹೌಸ್ ಸರ್ಜನ್ ಆಗಿ ಕ್ಯಾಶುವಾಲ್ಟಿಯಲ್ಲಿದ್ದಾಗ, ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ರಾತ್ರಿ ಕರೆತಂದರು. ತೋಳಿನ ಮೂಳೆ ನಡುವೆ ಮುರಿದಿತ್ತು. ಎಲ್ಲರಿಗೂ ಪಟ್ಟಿ ಕಟ್ಟುವ ಅವಸರ. ಇವಳು "ತಮ್ಮಾ, ಮಣಿಕಟ್ಟು ಮೇಲೆತ್ತು ನೋಡೋಣ" ಎಂದಳು. ಎತ್ತಲಾಗಲಿಲ್ಲ, ಕೈ ಬಾಡಿದ ಎಲೆಯಂತೆ ಜೋತಿತ್ತು. ಹೆಬ್ಬೆರಳಿನ ಬುಡದ ಹಿಂಬದಿಯಲ್ಲಿ ಮುಟ್ಟಿದ್ದೂ ಅವನಿಗೆ ತಿಳಿಯಲಿಲ್ಲ. ನರಕ್ಕೆ ಪೆಟ್ಟಾಗಿದೆ ಎಂದು ಸಮಯ ಹಾಕಿ ಕೇಸ್ ಶೀಟಿನಲ್ಲಿ ಬರೆದಳು, ಆಮೇಲೆ ಪಟ್ಟಿ ಕಟ್ಟಿದರು. ಮುಂಚೆ ಬರೆಯದಿದ್ದರೆ ನಾಳೆ ಆ ನರ ಬಿದ್ದಾಗ ಪೆಟ್ಟಾಯಿತೋ, ಪಟ್ಟಿ ಕಟ್ಟುವಾಗ ಆಯಿತೋ ಎಂದು ಹೇಳುವುದು ಯಾರಿಂದಲೂ ಆಗದು. ಮುಂದಿನ ಚಿಕಿತ್ಸೆಯ ತೀರ್ಮಾನ ಅದರ ಮೇಲೆ ನಿಂತಿರುತ್ತದೆ. ಗೋಡೆಯ ಮೇಲಿನ ಚಿತ್ರ ಅವಳ ಕೈಗೆ ಬಂದದ್ದು ಆ ರಾತ್ರಿ. ಪ್ರಶ್ನೆ ಕೇಳಿದ ಹುಡುಗ ತನ್ನ ಮಣಿಕಟ್ಟನ್ನು ಎತ್ತಿ ಇಳಿಸಿ ನೋಡಿಕೊಳ್ಳುತ್ತಿದ್ದ.

ಮಧ್ಯದ ವರ್ಷಗಳನ್ನು ನಾನು ಬೇಗ ದಾಟಿದೆ. ರೋಗಶಾಸ್ತ್ರ, ಔಷಧಶಾಸ್ತ್ರ, ವಾರ್ಡುಗಳು, ಮತ್ತೆ ಮತ್ತೆ ಪರೀಕ್ಷೆ. ನಡುವೆ 2020ರಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿ, ತಿಂಗಳುಗಟ್ಟಲೆ ನನ್ನ ಅಕ್ಕನ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಮೊಬೈಲು ಹಿಡಿದು ಪಾಠ ಕೇಳಿದಳು. ಕೊನೆಯ ಒಂದು ವರ್ಷ ಹೌಸ್ ಸರ್ಜನ್ಸಿ. ಅದರಲ್ಲಿ ಸುಮಾರು ಮೂರು ತಿಂಗಳು ಸಮುದಾಯ ವೈದ್ಯಶಾಸ್ತ್ರ, ಉಳಿದದ್ದು ಒಂದೊಂದು ವಿಭಾಗದಲ್ಲಿ ಕೆಲವು ವಾರ. ಟಿ.ವಿ.ಯಲ್ಲಿ ಡಾಕ್ಟರು ಎಂದರೆ ಬಿಳಿ ಕೋಟು, ಕುತ್ತಿಗೆಗೆ ಸ್ಟೆತಾಸ್ಕೋಪು. ಹೌಸ್ ಸರ್ಜನ್ ಬೆಳಿಗ್ಗೆ ನಿಜವಾಗಿ ಏನು ಮಾಡುತ್ತಾಳೆ ಎಂಬುದನ್ನು ಮಕ್ಕಳಿಗೆ ವಿವರವಾಗಿಯೇ ಹೇಳಿದೆ.

ಫಜ್ರ್ ಮುಗಿಸಿ ಆರು ಗಂಟೆಗೆ ವಾರ್ಡಿನಲ್ಲಿರಬೇಕು. ರೋಗಿಗಳು ಕಾಫಿ ಕುಡಿಯುವ ಮುಂಚೆ ಖಾಲಿ ಹೊಟ್ಟೆಯ ರಕ್ತ ತೆಗೆಯಬೇಕು. ಮೂವತ್ತು ಹಾಸಿಗೆಗಳ ವಾರ್ಡಿನಲ್ಲಿ ಹನ್ನೆರಡು ಹದಿನೈದು ಮಂದಿಯದು ಇರುತ್ತದೆ. ಸಣ್ಣ ಸಣ್ಣ ಟ್ಯೂಬುಗಳು, ಒಂದೊಂದಕ್ಕೆ ಒಂದೊಂದು ಬಣ್ಣದ ಮುಚ್ಚಳ. ರಕ್ತಕಣ ಎಣಿಸುವುದಕ್ಕೆ ನೇರಳೆ, ಸಕ್ಕರೆಗೆ ಬೂದು, ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ತಿಳಿನೀಲಿ. ನೇರಳೆ ಟ್ಯೂಬಿನಲ್ಲಿ ರಕ್ತ ಗಟ್ಟಿಯಾಗದಂತೆ ಔಷಧಿ ಇರುತ್ತದೆ. ತುಂಬಿದ ಕೂಡಲೇ ಮೆಲ್ಲಗೆ ಏಳೆಂಟು ಸಲ ಮೇಲೆ ಕೆಳಗೆ ತಿರುಗಿಸಬೇಕು. ಮರೆತರೆ ಒಳಗೆ ಹೆಪ್ಪುಗಟ್ಟಿ ಲ್ಯಾಬಿನವರು ವಾಪಸ್ ಕಳಿಸುತ್ತಾರೆ. ಜೋರಾಗಿ ಅಲ್ಲಾಡಿಸಿದರೆ ಕಣಗಳೇ ಒಡೆಯುತ್ತವೆ. ತಿಳಿನೀಲಿಯಲ್ಲಿ ಒಂಬತ್ತು ಭಾಗ ರಕ್ತಕ್ಕೆ ಒಂದು ಭಾಗ ದ್ರವ ಎಂಬ ಲೆಕ್ಕವಿದೆ. ಗೆರೆಯವರೆಗೆ ತುಂಬದೆ ಕಳಿಸಿದರೆ, ರಕ್ತ ಹೆಪ್ಪುಗಟ್ಟಲು ನಿಜಕ್ಕಿಂತ ಹೆಚ್ಚು ಹೊತ್ತು ಬೇಕು ಎಂದು ಸುಳ್ಳು ವರದಿ ಬರುತ್ತದೆ. ಅದನ್ನು ನಂಬಿ ಯಾರದೋ ಆಪರೇಷನ್ ಮುಂದೆ ಹೋಗಬಹುದು. ಟ್ಯೂಬಿನ ಮೇಲೆ ಹೆಸರು ಬರೆಯಬೇಕಾದದ್ದು ರೋಗಿಯ ಹಾಸಿಗೆಯ ಪಕ್ಕದಲ್ಲೇ ನಿಂತು. ಮೇಜಿಗೆ ಬಂದು ಒಟ್ಟಿಗೆ ಬರೆದರೆ ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಒಂದೇ ವಾರ್ಡಿನಲ್ಲಿ ಎರಡು ಫಾತಿಮಾಬಿ ಇರುವುದು ಅಪರೂಪವೇನಲ್ಲ.

ಅವಳ ಮೊದಲ ವಾರದಲ್ಲೇ ಒಬ್ಬ ಅಜ್ಜಿ ಇದ್ದರು. ಕೈ ಎಂದರೆ ಒಣಗಿದ ಕಡ್ಡಿ. ನರ ಕಂಡಂತಾಗುತ್ತದೆ, ಸೂಜಿ ಹೋದಕೂಡಲೇ ಜಾರುತ್ತದೆ. ಮೂರು ಸಲ ಚುಚ್ಚಿದಳು, ಸಿಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅಜ್ಜಿಯೇ "ಹೋಗ್ಲಿ ಬಿಡವ್ವ, ನೀ ಅಳಬ್ಯಾಡ" ಎಂದರಂತೆ. ಹಿರಿಯ ನರ್ಸೊಬ್ಬರು ಬಂದು ಬಿಸಿನೀರಿನ ಬಟ್ಟೆಯನ್ನು ಅಜ್ಜಿಯ ಕೈಮೇಲೆ ಸ್ವಲ್ಪ ಹೊತ್ತು ಸುತ್ತಿಟ್ಟು, ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದು, ಒಂದೇ ಸಲಕ್ಕೆ ತೆಗೆದರು. ಐದು ವರ್ಷದ ಓದಿನಲ್ಲಿ ಇದನ್ನು ನೋಡಿದ ನೆನಪೇ ಇಲ್ಲ ಖಾಲಾ, ಎಂದು ರಾತ್ರಿ ಫೋನಿನಲ್ಲಿ ಹೇಳಿದಳು. ಮರುದಿನದಿಂದ ಆ ನರ್ಸಮ್ಮನ ಹಿಂದೆಯೇ ತಿರುಗಿದಳು.

ರಕ್ತದ ಕೆಲಸ ಮುಗಿದರೆ ದೊಡ್ಡ ಡಾಕ್ಟರು ಬರುವ ಮುಂಚೆ ಪ್ರತಿಯೊಬ್ಬರ ಜ್ವರ, ರಕ್ತದೊತ್ತಡ, ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆ ಎಂಬುದೆಲ್ಲ ಬರೆದಿರಬೇಕು. ಆಮೇಲೆ ಡ್ರೆಸಿಂಗ್, ಸ್ಕ್ಯಾನಿಗೆ ಚೀಟಿ ಹಿಡಿದು ಓಡುವುದು, ಡಿಸ್ಚಾರ್ಜ್ ಬರೆಯುವುದು. ಕ್ಯಾಶುವಾಲ್ಟಿಯ ಪಾಳಿ ಬಂದರೆ ಹಗಲೂ ರಾತ್ರಿ ಸೇರಿ ಇಪ್ಪತ್ನಾಲ್ಕು ಗಂಟೆ. ರಂಝಾನಿನಲ್ಲಿ ಒಂದು ಸಂಜೆ ಇಫ್ತಾರಿನ ಖರ್ಜೂರ ಜೇಬಿನಲ್ಲೇ ಉಳಿದು, ರಾತ್ರಿ ಒಂಬತ್ತೂವರೆಗೆ ನೆನಪಾಯಿತಂತೆ. ಅಪಾಯವೂ ಇದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ. ಹಾಗಾದರೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳಬೇಕು, ನಾಚಿಕೆಯಿಂದ ಮುಚ್ಚಿಡಬಾರದು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ಎಪ್ಪತ್ತೆರಡು ಗಂಟೆಯೊಳಗೆ ಶುರು ಮಾಡಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು ವಾರ್ಡಿಗೆ ಕಾಲಿಡುವ ಮುಂಚೆಯೇ ಮುಗಿಸಿರಬೇಕು.

ಒಬ್ಬ ಹುಡುಗಿ ಎದ್ದು ನಿಂತು, ಸ್ವಲ್ಪ ಅಳುಕಿನಿಂದ, "ಆಪಾ, ಆಪರೇಷನ್ ಮಾಡುವಾಗ ನಮ್ಮ ಬಟ್ಟೆ ಹೇಗೆ?" ಎಂದಳು. ಅನೇಕ ತಾಯಂದಿರೂ ನನ್ನನ್ನು ಇದನ್ನು ಕೇಳಿದ್ದಾರೆ. ಥಿಯೇಟರಿನಲ್ಲಿ ಎಲ್ಲರೂ ಹಾಕುವುದು ಅಲ್ಲಿನದೇ ಬಟ್ಟೆ. ಟೋಪಿ ಕೂದಲನ್ನು ಪೂರ್ತಿ ಮುಚ್ಚುತ್ತದೆ, ಮಾಸ್ಕು ಮುಖವನ್ನು. ಆದರೆ ಕೈ ತೊಳೆಯುವಾಗ ಮೊಣಕೈ ದಾಟುವವರೆಗೆ ತೋಳು ಬರಿದಾಗಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ತೋಳಿನ ಬಟ್ಟೆಯಲ್ಲಿರುವ ರೋಗಾಣು ರೋಗಿಯ ಗಾಯಕ್ಕೆ ಹೋಗುತ್ತದೆ. ನೀವು ವುಝೂ ಮಾಡುವಾಗ ಮೊಣಕೈವರೆಗೆ ತೊಳೆಯುತ್ತೀರಲ್ಲ, ಅಲ್ಲಿಯೂ ಬೆರಳ ತುದಿಯಿಂದ ಮೊಣಕೈವರೆಗೆ, ಆದರೆ ಮೂರರಿಂದ ಐದು ನಿಮಿಷ, ಉಗುರಿನ ಸಂದು, ಬೆರಳಿನ ಸಂದು ಬಿಡದೆ. ಕೈಗಳನ್ನು ಮೇಲೆ ಹಿಡಿದಿರಬೇಕು, ನೀರು ಮೊಣಕೈಯಿಂದಲೇ ಬೀಳಬೇಕು. ಆಮೇಲೆ ಅಪ್ಪಿತಪ್ಪಿ ನಲ್ಲಿಗೆ ಕೈ ತಾಗಿದರೆ ಮೊದಲಿನಿಂದ ಶುರು. ಅದಾದ ಮೇಲೆ ತೊಡಿಸುವ ಗೌನಿಗೆ ಮಣಿಕಟ್ಟಿನವರೆಗೆ ತೋಳಿರುತ್ತದೆ, ಅದರ ಮೇಲೆ ಗ್ಲೌಸು. ಆ ಕೆಲವು ನಿಮಿಷಗಳ ವಿಷಯವನ್ನು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ ಎಂದೆ. ಸೀಟು ಸಿಕ್ಕ ಮೇಲೆ ಜಗಳವಾಗುವುದನ್ನು ಕಂಡಿದ್ದೇನೆ.

ಇನ್ನು ವರ್ಷಗಳ ಲೆಕ್ಕ. ಹತ್ತನೇ ತರಗತಿ 2016ರಲ್ಲಿ, ಹೌಸ್ ಸರ್ಜನ್ಸಿ ಮುಗಿದದ್ದು 2025ರಲ್ಲಿ. ಒಂಬತ್ತು ವರ್ಷ. ಅವಳ ಜೊತೆ ಹತ್ತನೆಯದು ಓದಿ ಬಿ.ಕಾಂ. ಮಾಡಿದವಳು ನಾಲ್ಕು ವರ್ಷದಿಂದ ಸಂಬಳ ತರುತ್ತಿದ್ದಾಳೆ, ಇನ್ನೊಬ್ಬಳಿಗೆ ಇಬ್ಬರು ಮಕ್ಕಳು. ಇವಳು ಈಗ ಸ್ನಾತಕೋತ್ತರ ಪ್ರವೇಶಕ್ಕೆ ಮತ್ತೊಂದು ನೀಟ್ ಓದುತ್ತಿದ್ದಾಳೆ. ಸಿಕ್ಕರೆ ಇನ್ನೂ ಮೂರು ವರ್ಷ. ಮದುವೆಯ ಮಾತು ಬಂದಾಗೆಲ್ಲ "ಓದು ಯಾವಾಗ ಮುಗಿಯುತ್ತೆ?" ಎಂದೇ ಕೇಳುತ್ತಾರೆ. ನನ್ನ ಅಕ್ಕ ರಾತ್ರಿಯೆಲ್ಲ ನಿದ್ದೆಗೆಟ್ಟದ್ದು ನನಗೆ ಗೊತ್ತು. ಹೆಣ್ಣುಮಗಳನ್ನು ಈ ದಾರಿಗೆ ಕಳಿಸುವ ಮನೆ ಆ ಪ್ರಶ್ನೆಯನ್ನು ಹತ್ತು ವರ್ಷ ಕೇಳಿಸಿಕೊಳ್ಳಬೇಕಾಗುತ್ತದೆ.

ಹಣದ ಬಗ್ಗೆ ಒಂದೇ ಮಾತು. ಸರ್ಕಾರಿ ಕಾಲೇಜಿನ ಸರ್ಕಾರಿ ಸೀಟಿಗೆ ಶುಲ್ಕ ವರ್ಷಕ್ಕೆ ಲಕ್ಷದೊಳಗೆ, ಖಾಸಗಿ ಕಾಲೇಜಿನ ಖಾಸಗಿ ಸೀಟಿಗೆ ಹತ್ತು ಲಕ್ಷ ದಾಟುತ್ತದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಕಡಿಮೆ ಸೇವಾಶುಲ್ಕದಲ್ಲಿ ಸಿಗುತ್ತದೆ, ಆದರೆ ಅದು ಸೀಟು ಪಡೆದವರಿಗೆ. ವಿದೇಶದ ಸೀಟಿಗೂ ನೀಟ್ ಅರ್ಹತೆ ಬೇಕು. ಮರಳಿ ಬಂದ ಮೇಲೆ 300 ಅಂಕದ ಪರೀಕ್ಷೆಯಲ್ಲಿ 150 ಪಡೆಯದೆ ಇಲ್ಲಿ ವೈದ್ಯರಾಗುವಂತಿಲ್ಲ. ಅನೇಕರು ಆ ಪರೀಕ್ಷೆಯನ್ನು ಎರಡು ಮೂರು ಸಲ ಬರೆಯುತ್ತಿರುತ್ತಾರೆ.

ಮಾತು ಮುಗಿಸಿದೆ. ಮತ್ತೊಮ್ಮೆ ಕೈ ಎತ್ತಿಸಲಿಲ್ಲ. ಹದಿನೈದು ವರ್ಷದ ಮಕ್ಕಳು ಒಂದು ಶನಿವಾರದಲ್ಲಿ ತೀರ್ಮಾನಿಸಬೇಕಾದ ವಿಷಯ ಇದಲ್ಲ.

ಗೇಟಿನ ಬಳಿ ಒಬ್ಬ ತಾಯಿ ಕಾಯುತ್ತಿದ್ದರು. ಗಾರ್ಮೆಂಟ್ಸ್ ಕೆಲಸದವರು, ಅರ್ಧ ದಿನ ರಜೆ ಹಾಕಿ ಬಂದಿದ್ದರು. ಕಿಟಕಿಯ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದರಂತೆ. "ಓದೋದು ಅವಳು ಓದ್ತಾಳೆ ಮೇಡಂ. ನಾನೇನು ಮಾಡ್ಬೇಕು ಈಗ, ಅದು ಹೇಳಿ" ಎಂದರು. ಮಗಳ ಆಧಾರ್ ಕಾರ್ಡು, ಶಾಲೆಯ ದಾಖಲೆ ಎರಡನ್ನೂ ತೋರಿಸಿ ಎಂದೆ. ಚೀಲದಲ್ಲೇ ಇದ್ದವು. ಒಂದರಲ್ಲಿ ಹೆಸರಿನ ಕೊನೆಗೆ 'ಬಾನು' ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ತಂದೆಯ ಹೆಸರು ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಮಹಮ್ಮದ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ಇದನ್ನು ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕು. ಸೀಟಿನ ದಾಖಲೆ ಪರಿಶೀಲನೆಯ ದಿನ ಇಷ್ಟೇ ಕಾರಣಕ್ಕೆ ಅತ್ತವರಿದ್ದಾರೆ. ಮೊದಲು ಇದನ್ನು ಒಂದೇ ಮಾಡಿಸಿ, ಆಮೇಲೆ ಆ ಹೆಸರಿನಲ್ಲೇ ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ, ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಒಂದನೇ ತರಗತಿಯಿಂದ ಓದಿದ ಶಾಲೆಗಳ ವ್ಯಾಸಂಗ ಪತ್ರಗಳನ್ನು ಒಂದು ಕವರಿನಲ್ಲಿ ಕೂಡಿಸಿಡಿ ಎಂದೆ.

ಅವರಿಗೆ ಬರೆದುಕೊಳ್ಳಲು ಬರುತ್ತಿರಲಿಲ್ಲ. ಮಗಳನ್ನು ಕರೆದು ಬರೆದುಕೋ ಎಂದರು. ಆ ಹುಡುಗಿ ತೆರೆದ ನೋಟುಬುಕ್ಕಿನ ಪುಟದಲ್ಲಿ ಆಗಲೇ ಮೂರು ಟ್ಯೂಬುಗಳ ಚಿತ್ರ ಬರೆದು ನೇರಳೆ, ಬೂದು, ತಿಳಿನೀಲಿ ಎಂದು ಗುರುತು ಹಾಕಿಕೊಂಡಿದ್ದಳು. ಅದರ ಕೆಳಗೇ ಬರೆದುಕೊಂಡಳು: ಮೊದಲು ಹೆಸರು.